ಬರ್ತಾ ಬಾಯಿಯ ಅಂಚು

ಇನ್ನಂಜೆಯ ಬರ್ತಾ ಬಾಯಿ ಮದುಮಗಳ ಒಳಲಂಗಕ್ಕೆ ಅಂಚು ಹೊಲಿಯುತ್ತಿರಲಿಲ್ಲ. ಕತ್ತರಿಯಿಂದ ಕಮಾನು ಕಮಾನಾಗಿ ಕತ್ತರಿಸಿ ಬಿಟ್ಟರೆ ಮುಗಿಯಿತು. ನೈಲಾನ್ ಟ್ರೈಕಾಟ್ ಆದರೆ ಹಾಗೆ ಬಿಡಬಹುದು. ಅದರಲ್ಲಿ ಹೆಣಿಗೆ ಯಂತ್ರದ ಸೂಜಿಗೊಂದೊಂದು ನೂಲು ಉದ್ದಕ್ಕೆ ಇಳಿದು, ಪಕ್ಕದ ಸಾಲಿಗೆ ಹಾವಿನಂತೆ ದಾಟಿ ಕೊಂಡಿ ಹಾಕಿಕೊಂಡಿರುತ್ತದೆ. ಎಲ್ಲಿ ಕತ್ತರಿಸಿದರೂ ಬಿಚ್ಚಿಕೊಳ್ಳುವುದಿಲ್ಲ. ಎಂಬತ್ತರ ದಶಕದಲ್ಲಿ ಈ ಒಂದು ಕೆಲಸಕ್ಕಾಗಿಯೇ ಕಾಪುವಿನಿಂದ ಕಾರ್ಕಳದವರೆಗೆ ಅವಳ ಹೆಸರು ಓಡುತ್ತಿತ್ತು.

ಆ ಸಲ ಊರಿನ ಹುಡುಗಿ ಜೆಸ್ಸಿಯ ಮದುವೆಗೆಂದು ಉಡುಪಿಯ ಕರುಣಾಕರನ ಅಂಗಡಿಯಿಂದ ಬಂದ ಬಟ್ಟೆಯನ್ನು ಮುಟ್ಟುತ್ತಲೇ ಅವಳಿಗೆ ಮುಖ ಕಹಿಯಾಯಿತು. ಕತ್ತರಿ ತಾಗಿದ ಕಡೆಯೆಲ್ಲ ಅಂಚು ಸುರುಳಿ ಸುತ್ತಿಕೊಂಡಿತು.

"ಇದು ಟ್ರೈಕಾಟ್ ಅಲ್ಲ, ಸಿಂಗಲ್ ಜೆರ್ಸಿ," ಎಂದಳು.

"ಎರಡೂ ನೈಲಾನೇ ಅಲ್ವಾ ಬಾಯಿ? ಇಸ್ತ್ರಿ ಒತ್ತಿದರೆ ಮಲಗುತ್ತದೆ," ಎಂದ ಬಟ್ಟೆ ತಂದಿದ್ದ ಕರುಣಾಕರ.

ನೈಲಾನ್ ಆದರೇನು, ಹೆಣಿಗೆ ಬೇರೆ. ಜೆರ್ಸಿಯಲ್ಲಿ ಒಂದೇ ನೂಲು ಅಡ್ಡಕ್ಕೆ ಓಡಿ ಸಾಲಿನ ಕುಣಿಕೆಗಳನ್ನೆಲ್ಲ ಕಟ್ಟುತ್ತದೆ, ಕೈಯಲ್ಲಿ ಸ್ವೆಟರ್ ಹಾಕಿದ ಹಾಗೆ. ಒಂದು ಕುಣಿಕೆ ಹರಿದರೆ ಅದನ್ನು ನಂಬಿದ್ದು ಜಾರುತ್ತದೆ, ಮತ್ತೊಂದು ಜಾರುತ್ತದೆ. ಬರ್ತಾ ಎರಡು ಬೆರಳಗಲ ಮಡಚಿ, ಪಟ್ಟಿ ಇಟ್ಟು ಭದ್ರವಾಗಿ ಹೊಲಿದು ಅಂಗಡಿಗೆ ಕೊಟ್ಟಳು.

ಮದುವೆಯ ದಿನ ಜೆಸ್ಸಿಗೆ ಸೀರೆ ಬದಲಿಸುವಾಗ ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು. ಚಪ್ಪಲಿಯ ಬಕಲ್ ಸಿಕ್ಕಿ ಲಂಗ ಬುಡದಿಂದ ಸೊಂಟದವರೆಗೆ ಏಣಿಯಂತೆ ಹರಿದುಹೋಗಿತ್ತು. "ಬರ್ತಾಳ ಕೈ ಹೋಯಿತು," ಎಂದು ಜೆಸ್ಸಿಯ ತಾಯಿ ಆಲಿಸ್ ಊಟದ ಪಂಕ್ತಿಯಲ್ಲೇ ಡಂಗುರ ಹೊಡೆದಳು. ಮರುವಾರ ಒಬ್ಬ ಮದುಮಗಳ ಮನೆಯವರೂ ಬರ್ತಾಳ ಬಾಗಿಲಿಗೆ ಬರಲಿಲ್ಲ.

ಅವಳು ಆಲಿಸಳನ್ನೂ ಲಂಗವನ್ನೂ ಅಂಗಡಿಗೆ ಎಳೆದುಕೊಂಡೇ ಹೋದಳು.

"ನಿಮ್ಮ ಕತ್ತರಿ ಮೊಂಡಾಗಿದೆ ಬಾಯಿ," ಎಂದು ಕರುಣಾಕರ ನಕ್ಕ, ಗಿರಾಕಿಗಳಿಗೆ ಕೇಳುವಂತೆ.

ಬರ್ತಾ ಲಂಗವನ್ನು ಕೌಂಟರಿನ ಮೇಲೆ ಹರಡಿದಳು. ಎರಡು ಬೆರಳು ಗಿಡ್ಡ! ಅವಳ ಪಟ್ಟಿ ಎಲ್ಲಿ? ಯಾರೋ ಕತ್ತರಿಸಿ, ಬೋಳು ಅಂಚನ್ನು ಇಸ್ತ್ರಿಯಿಂದ ಮಲಗಿಸಿದ್ದರು. ಹೊಲಿದ ಅಂಚು ಕಂಡರೆ ಫಾರಿನ್ ಟ್ರೈಕಾಟ್ ಎಂದು ಮಾರುವುದು ಹೇಗೆ?

"ಇದು ಯಾರ ಕತ್ತರಿ ಕರುಣಾಕರಣ್ಣ?"

ಅವನು ಲಂಗವನ್ನು ಮಡಚಲು ಕೈ ಹಾಕಿದ. ಅಂಗಡಿಯದೇ ಟ್ರೈಕಾಟಿನ ಒಂದು ತುಂಡು, ಜೆರ್ಸಿಯ ಒಂದು ತುಂಡು ಹಿಡಿದು ಬರ್ತಾ ಎಳೆದಳು. ಒಂದು ಹಾಗೇ ನಿಂತಿತು. ಇನ್ನೊಂದು ಸರ್ರನೆ ಏಣಿ ಬಿಟ್ಟಿತು.

ಆಲಿಸ್ ಎಲ್ಲವನ್ನೂ ನೋಡಿದಳು. "ನಿನ್ನ ತಪ್ಪಲ್ಲ ಬರ್ತಾ, ಗೊತ್ತಾಯ್ತು. ಆದರೆ ಎಲ್ಲರಿಗೂ ಹೇಳಿ ಆಯ್ತಲ್ಲ, ಇನ್ನೆಂತ ಮಾಡುವುದು?" ಎಂದವಳೇ ಕರುಣಾಕರನತ್ತ ತಿರುಗಿದಳು. "ನನಗೆ ಒಳ್ಳೆಯ ಟ್ರೈಕಾಟ್ ಕೊಡಿ, ಇದರ ಬದಲಿಗೆ. ಬರ್ತಾಳೇ ಹೊಲಿಯಲಿ."

ಬರ್ತಾ ಇಬ್ಬರನ್ನೂ ನೋಡಿದಳು. ಮೋಸ ಮಾಡಿದವನು ಬಟ್ಟೆ ಬದಲಿಸಿ ಕೊಡುತ್ತಾನೆ, ಮರ್ಯಾದೆ ತೆಗೆದವಳು ಪೊಟ್ಟಣ ಕಟ್ಟಿಸಿಕೊಳ್ಳುತ್ತಾಳೆ. ಇಬ್ಬರಿಗೂ ಲೆಕ್ಕ ಸರಿಯಾಯಿತು!

"ಬೇರೆ ಟೈಲರ್ ಹುಡುಕಿ ಆಲಿಸ್ ಬಾಯಿ," ಎಂದು ಹರಿದ ಲಂಗವನ್ನು ಮಾತ್ರ ಕಂಕುಳಿಗಿಟ್ಟು ಬಸ್ಸು ಹತ್ತಿದಳು.

ಆ ಲಂಗ ಇಂದಿಗೂ ಇನ್ನಂಜೆಯಲ್ಲಿ ಅವಳ ಕಿಟಕಿಯ ಸರಳಿಗೆ ನೇತಾಡುತ್ತಿದೆ. ಬಟ್ಟೆ ತಂದವರ ಎದುರೇ ಮೊದಲು ಒಂದು ಅಂಚು ಕತ್ತರಿಸಿ ಎಳೆದು ನೋಡುತ್ತಾಳೆ. ಸುರುಳಿ ಸುತ್ತಿದರೆ ಸುಮ್ಮನೆ ಕಿಟಕಿಯತ್ತ ಬೆರಳು ತೋರಿಸುತ್ತಾಳೆ.