ಸೊನ್ನೆಯಿಂದ ಎಳೆದ ವೃತ್ತ

ಕಾರ್ಕಳದಲ್ಲಿ ಗೇರುಬೀಜ ಬೇಯಿಸುವ ಹಬೆಪಾತ್ರೆಯನ್ನೇ ಎಂಜಿನಿಯರಿಂಗ್ ತರಗತಿಯ ಅಂದಿನ ಪಾಠಕ್ಕೆ ಉದಾಹರಣೆ ಮಾಡಿಕೊಂಡಿದ್ದೆ. ಅದರ ತೆಳು ಗೋಡೆಯಲ್ಲಿ ಸುತ್ತಲೂ ಎಂಬತ್ತು ಮೆಗಾಪಾಸ್ಕಲ್ ಎಳೆತ, ಉದ್ದಕ್ಕೆ ನಲವತ್ತು. ಹಳೇ ಮೇಷ್ಟರ ಗತ್ತಿನಲ್ಲಿ ಬೋರ್ಡಿನ ಮೇಲೆ ಒಂದು ಗೆರೆಯಲ್ಲಿ ಆ ಎರಡು ಸಂಖ್ಯೆಗಳನ್ನು ಬಿಂದುಗಳಾಗಿ ಗುರುತಿಸಿ, ಅವುಗಳ ಮೂಲಕ ಲೋಹದೊಳಗಿನ ಎಳೆತಗಳನ್ನು ತೋರಿಸುವ ಸ್ಟ್ರೆಸ್ ವೃತ್ತ ಎಳೆದೆ. ತ್ರಿಜ್ಯ ಇಪ್ಪತ್ತು.

“ಲೋಹವನ್ನು ಕತ್ತರಿಸಲು ನೋಡುವ ಶಿಯರ್ ಈ ತ್ರಿಜ್ಯಕ್ಕಿಂತ ಹೆಚ್ಚಾಗುವುದಿಲ್ಲ” ಎಂದೆ.

ಹೂಡೆಯಿಂದ ಬರುವ ವಿದ್ಯಾರ್ಥಿನಿ ಎದ್ದಳು. “ಸರ್, ಹೊರಮೈಗೆ ಲಂಬವಾಗಿ ಎಷ್ಟು ಎಳೆತ ಉಂಟು?”

“ಎಂತದ್ದೂ ಇಲ್ಲ. ಸೊನ್ನೆ.”

“ಸೊನ್ನೆಯೂ ಒಂದು ಬಿಂದು ಅಲ್ವಾ ಸರ್?”

ರೇಗಿತು. ಗದರಲು ಬಾಯಿ ತೆರೆದವನು ಬೋರ್ಡಿನತ್ತ ತಿರುಗಿದೆ. ಸೊನ್ನೆಯಿಂದ ಎಂಬತ್ತರವರೆಗೆ ಇನ್ನೊಂದು ವೃತ್ತ ಎಳೆದೆ. ತ್ರಿಜ್ಯ ನಲವತ್ತು, ನಾನು ಹೇಳಿದ್ದರ ಎರಡರಷ್ಟು. ನನ್ನ ವೃತ್ತ ಅದರೊಳಗೆ ಒಂದು ಬದಿಗೆ ಒತ್ತಿಕೊಂಡು ಕೂತಿತ್ತು.

ಚಾಕ್‌ಪೀಸನ್ನು ಅವಳ ಕೈಗಿತ್ತು, ಅವಳ ಬೆಂಚಿನಲ್ಲಿ ಹೋಗಿ ಕೂತೆ.

“ಮೊದಲಿನಿಂದ ಹೇಳಮ್ಮ.”