ಅವ್ವನ ಹಿಟ್ಟಿನ ಮಣೆ

ನಿನಗೇನು ಕಷ್ಟ ಎಂದು ನಮ್ಮವ್ವನನ್ನು ಕೇಳಿ ಪ್ರಯೋಜನವಿರಲಿಲ್ಲ. "ನಂಗೇನಾಗೈತೆ? ಗುಂಡುಕಲ್ಲಿದ್ದಂಗೆ ಇವ್ನಿ" ಎನ್ನುತ್ತಿದ್ದಳು. ಅಪ್ಪನನ್ನು ಕೇಳಿದರೆ ಅವ್ವನ ಮುಖ ನೋಡುತ್ತಿದ್ದ. ಅಕ್ಕೂರಿನಲ್ಲಿ ಅವರಿಬ್ಬರೇ ಇದ್ದರು. ದೊಡ್ಡಣ್ಣನ ಅಂಗಡಿ ಕನಕಪುರದಲ್ಲಿ, ತಮ್ಮನ ಬೇಸಾಯ ಮಾಗಡಿಯ ಕಡೆ. ನಾನು ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವನ ಹೆಂಡತಿ. ಹತ್ತಿರದಲ್ಲಿದ್ದವಳು ನಾನೇ. ಆದರೆ ಹೆಣ್ಣು ಕೊಟ್ಟ ಮನೆಯಲ್ಲಿ ಕೂತು ಉಣ್ಣುವುದನ್ನು ಅವರಿಬ್ಬರೂ ಒಪ್ಪುವವರಲ್ಲ.

ಒಂದು ದಿನ ಮುದ್ದೆಗೆ ರಾಗಿಹಿಟ್ಟು ತೊಳಸುವಾಗ ಮಡಕೆ ಉರುಳಿ, ಕುದಿಯುವ ಹಿಟ್ಟು ಅವ್ವನ ಪಾದದ ಮೇಲೆ ಬಿತ್ತು. ಅಣ್ಣ, ತಮ್ಮ ಇಬ್ಬರೂ ಓಡಿ ಬಂದರು. ಸುಟ್ಟ ಗಾಯ ನೋಡಿ ಅಲ್ಲೇ ಪಂಚಾಯ್ತಿ ಮಾಡಿದರು. ಅವ್ವ ಕನಕಪುರಕ್ಕೆ, ಅಪ್ಪ ಮಾಗಡಿಗೆ. ಇಬ್ಬರನ್ನೂ ಒಂದೇ ಮನೆಯಲ್ಲಿಟ್ಟುಕೊಳ್ಳಲು ಯಾರಿಗೂ ಜಾಗವಿರಲಿಲ್ಲ.

"ಜೋಡೆತ್ತು ಮುರಿದು ಮಾರ್ತೀರೇನ್ರಲಾ?" ಎಂದ ಅಪ್ಪ.

"ಅವ್ವಂಗೆ ಹೆಚ್ಚುಕಮ್ಮಿ ಆದ್ರೆ ಊರೋರು ನಮ್ಮ ಮಕಕ್ಕೆ ಉಗೀತಾರೆ ಕಣಪ್ಪ" ಎಂದ ಅಣ್ಣ. ಅವನದೂ ಸುಳ್ಳಲ್ಲ.

ಅವ್ವ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಳು. ನಾನೇ ಬಾಯಿ ಹಾಕಿದೆ. "ದೀಪಾವಳಿ ಗಂಟ ಬುಡಣ್ಣ. ಹಬ್ಬಕ್ಕೆ ಬಂದು ನೋಡು. ಆಗ್ಲೂ ಹಿಂಗೇ ಇದ್ರೆ ಕರ್ಕೊಂಡೋಗು, ನಾನು ತಡೆಯಾಕಿಲ್ಲ."

ಅಣ್ಣ ಒಪ್ಪಿದ. ಮಾತೇನೋ ಆಡಿಬಿಟ್ಟೆ, ಮಾಡುವುದೇನು ಎಂದು ನನಗೇ ಗೊತ್ತಿರಲಿಲ್ಲ.

ಹುಣಸೆಹಣ್ಣು ಬಿಡಿಸಿಕೊಡುವ ನೆಪ ಹೇಳಿ ಅಕ್ಕೂರಿನಲ್ಲಿ ಉಳಿದೆ. ಬಾಗಿಲಲ್ಲಿ ಕೂತು ಬೀಜ ತೆಗೆಯುತ್ತಿದ್ದೆ, ಕಣ್ಣು ಒಳಗಿಟ್ಟಿದ್ದೆ. ನೋಡುವವರಿಗೆ ಕೆಲಸವೊಂದು ಕೈಯಲ್ಲಿರಬೇಕು, ಇಲ್ಲದಿದ್ದರೆ ಮುದುಕರು ನೆಟ್ಟಗೆ ನಡೆದು ತೋರಿಸುತ್ತಾರೆ.

ಹಿಟ್ಟು ತೊಳಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಮಡಕೆ ಇಳಿಸಿ ನೆಲದ ಮೇಲಿಟ್ಟು, ಕವಲೊಡೆದ ಕವೆಗೋಲಿನಿಂದ ಅದರ ಕತ್ತು ಹಿಡಿಸಿ, ಕವೆಯ ಎರಡು ತುದಿಯನ್ನೂ ಪಾದದಿಂದ ಒತ್ತಿಕೊಂಡು, ಎರಡೂ ಕೈಯಲ್ಲಿ ಹಿಟ್ಟಿನ ಕೋಲು ತಿರುಗಿಸಬೇಕು. ನೆಲಕ್ಕೆ ಕೂರಲಾಗದಿದ್ದರೆ ಈ ಕೆಲಸವಿಲ್ಲ. ಅವ್ವನ ಮಂಡಿ ಮಡಚುತ್ತಿರಲಿಲ್ಲ. ಅವಳು ಮಡಕೆಯನ್ನು ಒಲೆಯ ಮೇಲೇ ಬಿಟ್ಟು, ಬಗ್ಗಿ ನಿಂತು ತೊಳಸುತ್ತಿದ್ದಳು. ಮಡಕೆ ಕೋಲಿನ ಜೊತೆಗೇ ಸುತ್ತುತ್ತಿತ್ತು. ಅಪ್ಪ ಕೈಗೆ ಬಟ್ಟೆ ಸುತ್ತಿಕೊಂಡು ಹಿಡಿಯಲು ಬರುತ್ತಿದ್ದ, ಅವ್ವ ಬೈದು ಅಟ್ಟುತ್ತಿದ್ದಳು. ಮಂಡಿಯ ಮಾತನ್ನು ಮಾತ್ರ ಒಬ್ಬರೂ ಎತ್ತಿದವರಲ್ಲ.

ಅಪ್ಪನದು ಬೇರೆ. ಮಂಚದಿಂದ ಹಿತ್ತಿಲ ಬಾಗಿಲವರೆಗೆ ಸುಣ್ಣದ ಗೋಡೆಯ ಮೇಲೆ ಕೈ ಸವರಿದ ಕಪ್ಪು ಪಟ್ಟೆಯಿತ್ತು. ಹೊಸ್ತಿಲ ಹತ್ತಿರ ಪಟ್ಟೆ ನಿಂತುಬಿಟ್ಟಿತ್ತು. ಅಲ್ಲಿಂದಾಚೆ ಮೆಟ್ಟಿಲು, ಹಿಡಿಯಲು ಏನೂ ಇಲ್ಲ. ಅಪ್ಪ ಅಲ್ಲಿ ನಿಂತು, ಕಾಲು ಇಳಿಬಿಟ್ಟು, ಮತ್ತೆ ಎಳೆದುಕೊಳ್ಳುತ್ತಿದ್ದ. ಹೊತ್ತು ಇಳಿದ ಮೇಲೆ ಅವನು ನೀರನ್ನೇ ಕುಡಿಯುವುದಿಲ್ಲ ಎಂಬುದನ್ನೂ ಆಗಲೇ ಕಂಡೆ. ಕುಡಿದರೆ ಕತ್ತಲಲ್ಲಿ ಹಿತ್ತಿಲಿಗೆ ಹೋಗಬೇಕಲ್ಲ.

ಚನ್ನಪಟ್ಟಣಕ್ಕೆ ಬಂದು ಗಂಡನಿಗೆ ಹೇಳಿದೆ. ಅವರು ಕೆಲಸದ ಪಟ್ಟಡಿಯಲ್ಲಿ ಕೂತು, ಬಿಲ್ಲಿನ ಹಗ್ಗ ಎಳೆದು ಮರ ತಿರುಗಿಸುತ್ತ ಬುಗುರಿ ಕಡೆಯುತ್ತಿದ್ದರು.

"ನಾನು ಗೊಂಬೆ ಮಾಡೋನು ಕಣೇ. ಮುದುಕಿಗೆ ಗೊಂಬೆ ಕೊಟ್ರೆ ಹಿಟ್ಟು ಬೇಯ್ತದಾ?"

"ಈಳಿಗೆಮಣೆ ನೋಡಿದೀರಲ್ಲ?" ಎಂದೆ. "ನಾವು ಮಣೆ ಮೇಲೆ ಕೂತ್ರೆ ನಮ್ಮ ಭಾರಕ್ಕೇ ಅದು ಅಲ್ಲಾಡಾಕಿಲ್ಲ. ಹಂಗೇ ಅವ್ವ ಕೂತ್ರೆ ಮಡಕೆ ಅಲ್ಲಾಡಬಾರದು."

ಅವರು ಬಿಲ್ಲು ಕೆಳಗಿಟ್ಟರು. ಗಟ್ಟಿ ಮರ ತಂದು ಮಂಡಿಯೆತ್ತರದ ಮಣೆ ಮಾಡಿದರು. ಅದರ ಬುಡದಿಂದ ಮುಂದಕ್ಕೆ ನೆಲಕ್ಕಂಟಿದ ಹಲಗೆ, ಹಲಗೆಯಲ್ಲಿ ಮಡಕೆಯ ತಳ ಕೂರುವ ಗುಳಿ. ಕವೆಯ ತುದಿಗಳನ್ನು ಸಿಕ್ಕಿಸಲು ಮಣೆಯ ಮುಂಗಾಲುಗಳಲ್ಲಿ ತೂತು. ಎತ್ತರದಲ್ಲಿ ಕೂತು ತೊಳಸಬೇಕಾದ್ದರಿಂದ ಕೋಲನ್ನೂ ಉದ್ದ ಮಾಡಿ, ಬೆರಳು ಬಿಗಿಯಾಗಿ ಮಡಚದವರೂ ಹಿಡಿಯುವಂತೆ ಹಿಡಿ ದಪ್ಪಗೆ ಕಡೆದರು. ಅಲ್ಲಿಗೆ ಬಿಡಬೇಕಿತ್ತು. ಅರಗಿಲ್ಲದೆ ಕೆಲಸ ಮುಗಿಸಿದರೆ ನಮ್ಮ ಬೀದಿಯವರ ಕೈ ಸುಮ್ಮನಿರುತ್ತದೆಯೇ? ತಿರುಗುವ ಹಿಡಿಗೆ ಕೆಂಪರಗು ಒತ್ತಿ, ಉಜ್ಜಿದ ಬಿಸಿಗೆ ಅದು ಕರಗಿ ಹತ್ತಿದ ಮೇಲೆ ಕೇದಿಗೆಯ ಗರಿಯಿಂದ ತೀಡಿ ಫಳಫಳ ಹೊಳೆಸಿದರು. ನಾನೂ ಚೆನ್ನಾಗಿದೆ ಎಂದೆ.

ಅವ್ವ ಕೋಲನ್ನು ಯಾವಾಗಲೂ ಒಲೆಗೆ ಒರಗಿಸಿಡುವವಳು. ಮೊದಲ ದಿನವೇ ಅರಗು ಮೆತ್ತಗಾಗಿ ಅವಳ ಅಂಗೈಗೆ ಅಂಟಿತು. ಬೇಗ ಕೈಬಿಟ್ಟಿದ್ದರಿಂದ ಸುಡಲಿಲ್ಲ. ಅವ್ವ ಕೆಂಪು ಕೈ ಎತ್ತಿ ಹಿಡಿದು ಅಪ್ಪನಿಗೆ ತೋರಿಸಿದಳು.

"ನೋಡಿ, ಅಳೀದೇವ್ರು ನಂಗೆ ಮದರಂಗಿ ಹಾಕವ್ರೆ. ಇನ್ನೊಂದ್ಸಲ ಧಾರೆ ಎರೆಸ್ಕೊಳಾಣ ಬನ್ನಿ."

ದಿನವೆಲ್ಲ ಬಿಸಿಯಿಂದಲೇ ಅರಗು ಕರಗಿಸುವವರಿಗೆ ಒಲೆಯ ನೆನಪು ಬಂದಿರಲಿಲ್ಲ. ಗಂಡನ ಮುಖ ಅವ್ವನ ಕೈಗಿಂತ ಕೆಂಪಾಯಿತು. ಅರಗನ್ನೆಲ್ಲ ಕೆರೆದು ಹಾಕಿ, ಬರಿಮರದ ಹಿಡಿಗೆ ಒದ್ದೆ ಕೈ ಜಾರದಂತೆ ಗೀರು ಹಾಕಿಕೊಟ್ಟರು.

ಗೋಡೆಯ ಕಪ್ಪು ಪಟ್ಟೆ ಎಲ್ಲಿತ್ತೋ ಅಲ್ಲೇ ಹಿಡಿದು ನಡೆಯಲು ಉದ್ದನೆಯ ಮರದ ಕೋಲು ಬಡಿದು, ಮೆಟ್ಟಿಲು ದಾಟಿ ಹೊರಗಿನವರೆಗೂ ಒಯ್ದೆವು. ಅಪ್ಪ ಮುಟ್ಟಲೇ ಇಲ್ಲ.

"ಮಕ್ಳು ನಡೆಯಾಕೆ ಕಲಿಯೋ ಗಾಡಿ ಮಾಡ್ತಾನಲ್ಲ ನಿನ್ ಗಂಡ, ಅದನ್ನೂ ತಂದ್ಬುಡು. ತಳ್ಕೊಂಡು ತಿರುಗ್ತೀನಿ" ಎಂದು ಅಣಕಿಸಿದ.

"ನಿಂಗ್ಯಾರು ಮಾಡಿಸಿದ್ರು? ಒದ್ದೆ ಬಟ್ಟೆ ಹಾಕಾಕೆ ಮಾಡ್ಸಿದ್ದು" ಎಂದು ಅವನ ಹೆಗಲ ಮೇಲಿನ ವಲ್ಲಿಯನ್ನು ಕಿತ್ತು ಅದರ ಮೇಲೆ ಎಸೆದೆ. ವಲ್ಲಿ ತೆಗೆದುಕೊಳ್ಳಲು ಕೈ ಚಾಚಿದ, ಕೋಲು ಸಿಕ್ಕಿತು, ಹಿಡಿದುಕೊಂಡು ಹೊರಗೆ ಹೋದ. ನಾನು ತಿರುಗಿ ನೋಡಲಿಲ್ಲ.

ದೀಪಾವಳಿಗೆ ಅಣ್ಣ ಅತ್ತಿಗೆಯನ್ನೂ ಕೂರಿಸಿಕೊಂಡು ಗಾಡಿ ಕಟ್ಟಿಕೊಂಡೇ ಬಂದ. ಅವ್ವನ ಗಂಟುಮೂಟೆ ತುಂಬಲು ಗಾಡಿಯಲ್ಲಿ ಹುಲ್ಲು ಹಾಸಿತ್ತು. ಅಣ್ಣ ಒಳಗೆ ಬರುವ ಹೊತ್ತಿಗೆ ಅವ್ವ ಮಣೆಯ ಮೇಲೆ ಕೂತಿದ್ದಳು. ಅಪ್ಪ, ಅವ್ವ ಇಬ್ಬರೂ ಸೇರಿ ಮಡಕೆ ಇಳಿಸಿಯಾಗಿತ್ತು. ಅವ್ವ ಯಾರನ್ನೂ ನೋಡದೆ ತೊಳಸಿದಳು. ಮಡಕೆ ಕದಲಲಿಲ್ಲ. ಅಣ್ಣ ಕಾಲಿನಿಂದ ಮಣೆಯನ್ನು ಮೆಲ್ಲಗೆ ತಳ್ಳಿ ನೋಡಿದ, ಅದೂ ಕದಲಲಿಲ್ಲ.

"ಒದೀತೀಯೇನ್ಲಾ ನನ್ನ? ಕೈ ತೊಳ್ಕೊಂಡು ಬಾ" ಎಂದಳು ಅವ್ವ.

ಅಣ್ಣ ಉಂಡ. ಮುದ್ದೆಯಲ್ಲಿ ಒಂದೂ ಗಂಟಿರಲಿಲ್ಲ. ಕೈ ತೊಳೆಯಲು ಅಪ್ಪನ ಹಿಂದೆಯೇ ಹಿತ್ತಿಲಿಗೆ ಹೋದವನು ಗೋಡೆಯ ಕೋಲನ್ನು ತಾನೂ ಹಿಡಿದು ಜಗ್ಗಿ ನೋಡಿದ. ಒಳಗೆ ಬಂದು, "ತಮ್ಮಂಗೆ ಹೇಳ್ತೀನಿ, ಇಬ್ರೂ ಇಲ್ಲೇ ಇರ್ಲಿ" ಎಂದ. ಅಷ್ಟೇ. ಅತ್ತಿಗೆ ಮಾತ್ರ ನನ್ನನ್ನು ಮೂಲೆಗೆ ಕರೆದು, "ನಮ್ಮವ್ವಂಗೂ ಇಂಥದೇ ಒಂದು ಮಣೆ ಮಾಡ್ಸಿಕೊಡಮ್ಮ. ಅವ್ಳು ಬ್ಯಾಡ ಅಂತಾಳೆ, ನೀನು ಕೇಳಬ್ಯಾಡ" ಎಂದಳು.

"ಕೇಳಾಕಿಲ್ಲ. ಬಂದು ನೋಡ್ತೀನಿ" ಎಂದೆ. ಆಮೇಲೆ ಎಷ್ಟೋ ಮನೆಗಳಲ್ಲಿ ಹುಣಸೆಹಣ್ಣು ಬಿಡಿಸಿದೆ. ಗಂಡನ ಪಟ್ಟಡಿಯಲ್ಲಿ ಬುಗುರಿಗಳ ಪಕ್ಕದಲ್ಲೇ ಮುದುಕರ ಸಾಮಾನೂ ಇರತೊಡಗಿತು.

ಅವತ್ತು ಗಾಡಿಯ ಹುಲ್ಲನ್ನು ಅಣ್ಣನ ಎತ್ತುಗಳೇ ತಿಂದು ಖಾಲಿ ಮಾಡಿದವು. ಅಣ್ಣ ಬರಿಗಾಡಿ ಹೊಡೆದುಕೊಂಡು ಹೋದ. ದೀಪ ಹಚ್ಚುವ ಹೊತ್ತಿಗೆ ಅಪ್ಪ ಜಗುಲಿಯಲ್ಲಿ ಕೂತು, "ಒಂದು ಚೊಂಬು ನೀರು ಕೊಡವ್ವ" ಎಂದ. ಕೊಟ್ಟೆ. ತಲೆ ಹಿಂದಕ್ಕೆ ಹಾಕಿ ಗಟಗಟ ಕುಡಿದ, ಒಂದು ತೊಟ್ಟೂ ಬಿಡಲಿಲ್ಲ.