ಉಳಿದ ಹದಿನಾಲ್ಕು ಮಾತ್ರೆ

ಫಾರ್ಮಸಿ ಓದು ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಭದ್ರಾವತಿಯ ಕಾಗದನಗರದ ಹತ್ತಿರದ ಒಂದು ಮೆಡಿಕಲ್ ಶಾಪಿನಲ್ಲಿ. ಮಾತ್ರೆಯ ಕವರಿನ ಮೇಲೆ ಕೋರ್ಸ್ ಮುಗಿಯುವ ತಾರೀಕನ್ನೂ ಬರೆದುಕೊಡುವ ಅಭ್ಯಾಸ ಮಾಡಿಕೊಂಡಿದ್ದೆ.

ಒಂದು ಜೂನ್ ತಿಂಗಳಲ್ಲಿ, ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನ ಹೆಂಡತಿ ಚೀಟಿ ತಂದಳು. ಗಂಡನಿಗೆ ಹೊಟ್ಟೆಯ ಸೋಂಕು. ಶಿವಮೊಗ್ಗದ ಡಾಕ್ಟರು ದಿನಕ್ಕೆ ಮೂರರಂತೆ ನಲವತ್ತೆರಡು ಮಾತ್ರೆ ಬರೆದಿದ್ದರು. ಮುಗಿದ ಮೇಲೆ ಬಂದು ತೋರಿಸಬೇಕು ಅಂದಿದ್ದರಂತೆ. ಇಪ್ಪತ್ತೈದರ ಬೆಳಿಗ್ಗೆಯಿಂದ ಶುರು. ನಲವತ್ತೆರಡನ್ನು ಮೂರರಿಂದ ಭಾಗಿಸಿದರೆ ಹದಿನಾಲ್ಕು ದಿನ. ಶುರುವಾದ ದಿನವೂ ಲೆಕ್ಕಕ್ಕೆ ಸೇರುತ್ತದೆ. ಜೂನ್‌ನಲ್ಲಿ ಮೂವತ್ತರವರೆಗೆ ಆರು ದಿನ, ಇನ್ನೆಂಟು ಜುಲೈನಲ್ಲಿ. ‘ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಜುಲೈ ಎಂಟಕ್ಕೆ ಮುಕ್ತಾಯ’ ಎಂದು ಬರೆದೆ.

ಜುಲೈ ಒಂಬತ್ತರ ಬೆಳಿಗ್ಗೆ ಆಕೆ ಬಂದು ಹತ್ತು ಮಾತ್ರೆಯ ಒಂದು ಪೂರ್ತಿ ಸ್ಟ್ರಿಪ್ಪು, ಜೊತೆಗೆ ನಾಲ್ಕು ಬಿಡಿ ಮಾತ್ರೆ ಕೌಂಟರಿನ ಮೇಲಿಟ್ಟಳು.

“ಅಕ್ಕಾ, ನೀವು ಬರೆದ ದಿನ ಆಯ್ತು. ಮಾತ್ರೆ ಮುಗೀಲಿಲ್ಲ. ತಾರೀಕು ತಪ್ಪಾಯ್ತೇನೋ.”

ಅಂಗಡಿಯ ಯಜಮಾನರು ಇತ್ತ ತಿರುಗಿದರು. ಬೆರಳು ಮಡಿಸುತ್ತಾ ಮತ್ತೆ ಎಣಿಸಿದೆ. ಎಂಟೇ ಸರಿ. ಹಾಗಾದರೆ ಹದಿನಾಲ್ಕು ದಿನಕ್ಕೆ ಹದಿನಾಲ್ಕು ಮಾತ್ರೆ ಉಳಿದದ್ದು ಹೇಗೆ? ದಿನಕ್ಕೆ ಸರಿಯಾಗಿ ಒಂದು.

“ನಿಮ್ಮೋರು ಮಧ್ಯಾಹ್ನದ್ದು ತಗೊಳ್ತಾ ಇದ್ದಾರಾ?” ಎಂದು ಕೇಳಿದೆ.

ಆಕೆಗೂ ಗೊತ್ತಿರಲಿಲ್ಲ. ಹೊರಗೆ ಸೈಕಲ್ ಹಿಡಿದು ನಿಂತಿದ್ದ ಗಂಡ ಒಳಗೆ ಬಂದ. ನಿಧಾನಕ್ಕೆ ಹೇಳಿದ: “ನಂದು ಫಸ್ಟ್ ಶಿಫ್ಟ್, ಮೇಡಂ. ಡಾಕ್ಟರಿಗೆ ತೋರಿಸೋಕೆ ಅಂತ ಇವತ್ತೇ ಮೊದಲ ರಜೆ ಹಾಕಿದ್ದು. ಊಟಕ್ಕೆ ಎಲ್ಲರ ಜೊತೆ ಕೂರ್ತೀನಿ. ಇನ್ನೂ ಕಾಯಂ ಆಗಿಲ್ಲ. ಮಾತ್ರೆ ನುಂಗೋದು ನೋಡಿದ್ರೆ ಕಾಯಿಲೆಯವನು ಅಂತ ಹೆಸರು ಬೀಳುತ್ತೆ.”

ಹೆಂಡತಿ ಅವನನ್ನು ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. “ನನಗಾದ್ರೂ ಹೇಳಬಾರದಿತ್ತಾ, ಮಾರಾಯ್ರೇ,” ಅಂದಳಷ್ಟೇ.

ಉಳಿದದ್ದನ್ನು ನುಂಗಿ ಮುಗಿಸಲೇ ಎಂದು ಅವನು ಕೇಳಿದ. ಅದನ್ನು ಹೇಳುವವರು ಡಾಕ್ಟರು, ನಡೆದದ್ದನ್ನು ಅವರಿಗೇ ಹೇಳಿ ಎಂದೆ. ಇಬ್ಬರೂ ಅವತ್ತೇ ಶಿವಮೊಗ್ಗದ ಬಸ್ಸು ಹತ್ತಿದರು. ಡಾಕ್ಟರು ಮೊದಲಿನಿಂದ ಮತ್ತೆ ಪೂರ್ತಿ ಕೋರ್ಸ್ ಬರೆದರು. ಈ ಸಲ ಹೊತ್ತು ಬದಲಾಗಿತ್ತು: ಬೆಳಗಿನ ಜಾವ ಕೆಲಸಕ್ಕೆ ಹೊರಡುವ ಮುಂಚೆ ಒಂದು, ಎರಡೂವರೆಗೆ ಮನೆಗೆ ಬಂದ ಮೇಲೆ ಒಂದು, ರಾತ್ರಿ ಮಲಗುವಾಗ ಒಂದು. ಜುಲೈ ಹನ್ನೊಂದಕ್ಕೆ ಶುರು. ‘ಇಪ್ಪತ್ನಾಲ್ಕಕ್ಕೆ ಮುಕ್ತಾಯ’ ಎಂದು ಬರೆಯುವಾಗ ನನಗೆ ನಾಚಿಕೆಯಾಯಿತು. ಹೋದ ಸಲ ‘ಮಧ್ಯಾಹ್ನ’ ಎಂದು ಸಲೀಸಾಗಿ ಗೀಚಿದ್ದೆ. ಅವನ ಮಧ್ಯಾಹ್ನ ಎಲ್ಲಿ, ಯಾರ ನಡುವೆ ಕಳೆಯುತ್ತದೆ ಎಂದು ಕೇಳಿರಲಿಲ್ಲ.

ಇಪ್ಪತ್ತೈದರ ಸಂಜೆ ಅವನೊಬ್ಬನೇ ಬಂದ. ಡಾಕ್ಟರು ನೋಡಿ ಸೋಂಕು ಹೋಗಿದೆ ಅಂದರಂತೆ. ಒಂದು ಮಾತ್ರೆಯೂ ಉಳಿದಿಲ್ಲ ಎಂದು ತೋರಿಸಲು ಖಾಲಿ ಸ್ಟ್ರಿಪ್ಪುಗಳನ್ನೆಲ್ಲ ಜೋಪಾನವಾಗಿ ಮಡಿಸಿ ತಂದಿದ್ದ. ನಾನು ಎಣಿಸಲಿಲ್ಲ.